ಹೈವೇ ಮೇಲೆ ಗಾಡಿ ಕೆಟ್ಟು ನಿಂತರೆ: ಮೊದಲ ಹತ್ತು ನಿಮಿಷ, ಮತ್ತು ಆ ಕೆಂಪು ತ್ರಿಕೋನವನ್ನು ಎಲ್ಲಿಡಬೇಕು

ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಬರುತ್ತಿದ್ದೆವು. ರಾತ್ರಿ ಒಂಬತ್ತೂವರೆ ಆಗಿತ್ತು. ಹಾವೇರಿ ದಾಟಿತ್ತು, ಬಂಕಾಪುರ ಟೋಲ್ ಇನ್ನೂ ಮುಂದಿತ್ತು. ಗಾಡಿಯಲ್ಲಿ ನಾನು, ಮಾವ, ಅತ್ತೆ, ಅವರ ಮೊಮ್ಮಗಳು. ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿತು, ಮರುಕ್ಷಣ ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು, ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಎಂಜಿನ್ ಮುಂದಿನ ಬೆಲ್ಟ್ ಹರಿದಿತ್ತು. ನಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಟೇರಿಂಗ್ ಪಂಪು, ನೀರಿನ ಪಂಪು ಮೂರೂ ಅದೇ ಒಂದು ಬೆಲ್ಟಿನ ಮೇಲೆ ಓಡುತ್ತವೆ, ಅದಕ್ಕೇ ಮೂರೂ ಒಟ್ಟಿಗೆ ಹೋದವು. ಹದಿನೈದು ದಿನ ಮೊದಲು ಗ್ಯಾರೇಜಿನಲ್ಲಿ ಬೆಲ್ಟ್ ಸೀಳಿರುವುದನ್ನು ತೋರಿಸಿದ್ದೆ, ಇನ್ನೂ ಒಂದು ವರ್ಷ ಬರುತ್ತದೆ ಬಿಡಿ ಅಂದಿದ್ದರು.

ಬೆಲ್ಟಿನ ಕಥೆ ಇಲ್ಲಿಗೆ ಸಾಕು. ಪಂಕ್ಚರ್ ಆಗಲಿ, ಡೀಸೆಲ್ ಮುಗಿಯಲಿ, ಕ್ಲಚ್ ಹೋಗಲಿ, ಮುಂದಿನ ಹತ್ತು ನಿಮಿಷದ ಕೆಲಸ ಒಂದೇ. ಗಾಡಿ ರಿಪೇರಿ ಆ ಕೆಲಸದಲ್ಲಿ ಬರುವುದೇ ಇಲ್ಲ. ನಾನು ಅವತ್ತು ಏನು ಸರಿ ಮಾಡಿದೆ, ಏನು ತಪ್ಪು ಮಾಡಿದೆ ಅನ್ನುವುದನ್ನು ಇಟ್ಟುಕೊಂಡೇ ಹಂತ ಹಂತವಾಗಿ ಹೇಳುತ್ತೇನೆ.

1. ಗಾಡಿಗೆ ಇನ್ನೂ ಓಟ ಇರುವಾಗಲೇ ಎಡಕ್ಕೆ ತನ್ನಿ

ಎಂಜಿನ್ ಬಂದಾದರೂ 80ರ ವೇಗದಲ್ಲಿದ್ದ ಗಾಡಿ ಇನ್ನೂ ಬಹಳ ದೂರ ಉರುಳುತ್ತದೆ. ಆ ಓಟವೇ ನಿಮ್ಮ ಕೈಯಲ್ಲಿರುವ ಆಸ್ತಿ, ಬ್ರೇಕ್ ಹಾಕಿ ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ. ಎಡ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಆಕ್ಸಿಲರೇಟರ್ ಬಿಟ್ಟು, ನಿಧಾನವಾಗಿ ಎಡಕ್ಕೆ ತನ್ನಿ. ಚಾವಿ ಮಾತ್ರ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ಇಲ್ಲದಿದ್ದಾಗ ಸ್ಟೇರಿಂಗ್ ಬಿಗಿ ಇರುತ್ತದೆ ಅಷ್ಟೇ, ಎರಡೂ ಕೈಯಿಂದ ಜೋರಾಗಿ ಎಳೆದರೆ ತಿರುಗುತ್ತದೆ. ಬ್ರೇಕ್ ಕೂಡ ಎರಡು ಮೂರು ಸಲ ಒತ್ತುವವರೆಗೆ ಹಗುರ ಇದ್ದು ಆಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಪಂಪ್ ಮಾಡದೆ ಒಂದೇ ಸಲ ಒತ್ತಿ ಹಿಡಿದು ನಿಲ್ಲಿಸಿ.

ಎಲ್ಲಿ ನಿಲ್ಲಿಸಬೇಕು? ಸರ್ವಿಸ್ ರಸ್ತೆಗೆ ಇಳಿಯುವ ಜಾಗ, ಪೆಟ್ರೋಲ್ ಪಂಪ್, ಧಾಬಾದ ಅಂಗಳ, ಲಾರಿ ನಿಲ್ಲುವ ಜಾಗ ಇವುಗಳಲ್ಲಿ ಯಾವುದಕ್ಕಾದರೂ ಉರುಳಿ ತಲುಪಿದರೆ ಅರ್ಧ ಗೆದ್ದ ಹಾಗೆ. ಇಲ್ಲವೆಂದರೆ ಬಿಳಿ ಗೆರೆಯ ಆಚೆಗಿನ ಎಡ ಪಟ್ಟಿ. ನದಿ ಸೇತುವೆ ಮೇಲೆ, ಫ್ಲೈಓವರ್ ಮೇಲೆ, ತಿರುವಿನಲ್ಲಿ, ಏರು ಮುಗಿಯುವ ತುದಿಯಲ್ಲಿ ನಿಲ್ಲಿಸಬೇಡಿ, ಸಾಧ್ಯವಿದ್ದರೆ ದಾಟಿ ಮುಂದೆ ಹೋಗಿ. ಟೈರ್ ಪಂಕ್ಚರ್ ಆಗಿದ್ದರೆ ಹಜಾರ್ಡ್ ದೀಪ ಹಾಕಿಕೊಂಡು ಎಡ ಪಟ್ಟಿಯಲ್ಲೇ ಹತ್ತಿಪ್ಪತ್ತರ ವೇಗದಲ್ಲಿ ತೆವಳಿಕೊಂಡು ಹೋಗಿ. ಆ ಟೈರ್ ಹಾಳಾಗುತ್ತದೆ, ರಿಮ್ ಕೂಡ ಸೊಟ್ಟಗಾಗಬಹುದು. ಹೋಗಲಿ ಬಿಡಿ.

ಎಡಕ್ಕೆ ಪೂರ್ತಿ ಇಳಿಸುವಾಗ ನಮ್ಮ ಸೀಮೆಯಲ್ಲಿ ಒಂದು ಎಚ್ಚರ ಬೇಕು. ಗದಗ, ನವಲಗುಂದ, ನರಗುಂದ ಕಡೆ ಡಾಂಬರಿನ ಪಕ್ಕ ಎರೆ ಮಣ್ಣು. ಬೇಸಿಗೆಯಲ್ಲಿ ಅದು ಸಿಮೆಂಟಿನಷ್ಟು ಗಟ್ಟಿ, ಒಂದು ಮಳೆ ಬಿದ್ದರೆ ಚಕ್ರ ಅರ್ಧ ಹುಗಿದುಹೋಗುತ್ತದೆ. ಮಳೆಗಾಲದಲ್ಲಿ ಎಡ ಚಕ್ರ ಡಾಂಬರ್ ಅಂಚಿನ ಮೇಲೇ ಇರಲಿ. ಗಾಡಿ ಓರೆಯಾಗಿ ಸಿಕ್ಕಿಬಿದ್ದು ಹಿಂದಿನ ಮೂಲೆ ರಸ್ತೆಗೆ ಚಾಚಿಕೊಂಡರೆ ಮೊದಲಿಗಿಂತ ಜಾಸ್ತಿ ಅಪಾಯ.

ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್‌ನಲ್ಲಿ ಬಿಡಿ, ಮುಂದಿನ ಚಕ್ರವನ್ನು ಎಡಕ್ಕೆ ತಿರುಗಿಸಿಡಿ. ಹಿಂದಿನಿಂದ ಯಾವುದಾದರೂ ಗಾಡಿ ಬಡಿದರೆ ನಿಮ್ಮ ಗಾಡಿ ರಸ್ತೆ ಬಿಟ್ಟು ಎಡಕ್ಕೆ ಹೋಗಬೇಕು, ಬಲಕ್ಕೆ ಹರಿದು ಬರುವ ಲಾರಿಗಳ ನಡುವೆ ಅಲ್ಲ.

2. ದೀಪ

ಹಜಾರ್ಡ್ ಹಾಕಿ, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಆ ತ್ರಿಕೋನದ ಗುಂಡಿ. ರಾತ್ರಿಯಾದರೆ ಪಾರ್ಕಿಂಗ್ ದೀಪವೂ ಇರಲಿ, ಹಿಂದಿನ ಕೆಂಪು ದೀಪ ಹೊತ್ತಿರುವುದು ಅದರಿಂದಲೇ. ಮುಂದಿನ ಹೆಡ್‌ಲೈಟ್ ಆರಿಸಿ. ಹಿಂದಿನಿಂದ ಬರುವವನಿಗೆ ಅದರಿಂದ ಏನೂ ಉಪಯೋಗವಿಲ್ಲ, ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ನಮ್ಮ ಹಾಗೆ ಆಲ್ಟರ್ನೇಟರ್ ಹೋಗಿದ್ದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಬ್ಯಾಟರಿಯಲ್ಲಿ ಉಳಿದಿರುವುದಷ್ಟೇ ನಿಮ್ಮ ದೀಪದ ಆಯುಸ್ಸು. ಎಸಿ, ಹಾಡು, ಫೋನ್ ಚಾರ್ಜರ್ ಎಲ್ಲಾ ಬಂದ್ ಮಾಡಿ.

3. ಎಲ್ಲರೂ ಕೆಳಗಿಳಿಯಿರಿ, ಎಡ ಬಾಗಿಲಿನಿಂದ

ಹೆಚ್ಚಿನವರು ತಪ್ಪುವುದು ಇಲ್ಲೇ. ಹೊರಗೆ ಕತ್ತಲು, ಚಳಿ, ಕಳ್ಳರ ಭಯ. ಹೆಂಗಸರು ಮಕ್ಕಳು ಒಳಗೇ ಇರಲಿ ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಹೈವೇ ಪಕ್ಕ ನಿಂತ ಗಾಡಿಗೆ ದೊಡ್ಡ ಅಪಾಯ ಹಿಂದಿನಿಂದ ಬರುತ್ತದೆ, ಹಿಂದಿನ ಸೀಟಿನಲ್ಲಿ ಕೂತವರಿಗೇ ಮೊದಲ ಪೆಟ್ಟು. 2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಹಿಂದಿನಿಂದ ಬಡಿದು 13 ಜನ ತೀರಿಕೊಂಡರು. ದೇವರ ದರ್ಶನ ಮುಗಿಸಿಕೊಂಡು ಭದ್ರಾವತಿ ಕಡೆಯ ತಮ್ಮ ಊರಿಗೆ ಹೊರಟವರು. ನಿಂತ ಗಾಡಿ ಅದರೊಳಗೆ ಇರುವವರಿಗೆ ಎಷ್ಟು ಅಪಾಯವೋ ಬರುವವರಿಗೂ ಅಷ್ಟೇ, ಅಲ್ವಾ?

ಹಾಗಾಗಿ ಬಲ ಬಾಗಿಲು ಯಾರೂ ತೆರೆಯಬಾರದು. ಡ್ರೈವರ್ ಕೂಡ ಆದರೆ ಎಡ ಸೀಟಿಗೆ ಸರಿದು ಇಳಿಯಬೇಕು. ಆಗದಿದ್ದರೆ ಹಿಂದೆ ಗಾಡಿಗಳ ಸಾಲು ಪೂರ್ತಿ ಖಾಲಿಯಾಗುವವರೆಗೆ ಕಾದು ಥಟ್ಟನೆ ಇಳಿಯಬೇಕು. ಇಳಿದ ಮೇಲೆ ಗಾಡಿಗೆ ಒರಗಿ ನಿಲ್ಲುವುದಲ್ಲ, ಕಬ್ಬಿಣದ ತಡೆಪಟ್ಟಿ ಇದ್ದರೆ ಅದರ ಆಚೆ ಹೋಗಿ. ದಾಟುವ ಮೊದಲು ಟಾರ್ಚ್ ಹಾಕಿ ಕೆಳಗೆ ಏನಿದೆ ನೋಡಿ, ಕೆಲವು ಕಡೆ ತಡೆಪಟ್ಟಿಯ ಆಚೆ ನೇರ ಆಳವಾದ ಕಾಲುವೆ ಇರುತ್ತದೆ. ಹುಲ್ಲಿದ್ದರೆ ಕಾಲು ಬಡಿದು ಸದ್ದು ಮಾಡುತ್ತಾ ಹೆಜ್ಜೆ ಇಡಿ, ಹುಳ ಹುಪ್ಪಡಿ ಸರಿದು ಹೋಗಲಿ.

ನಿಲ್ಲುವ ಜಾಗಕ್ಕೂ ಒಂದು ಲೆಕ್ಕವಿದೆ. ಗಾಡಿಯ ಮುಂದೆ ನಿಲ್ಲಬೇಡಿ. ಹಿಂದಿನಿಂದ ಬಡಿದರೆ ಗಾಡಿ ಮುಂದಕ್ಕೆ ನುಗ್ಗುತ್ತದೆ, ಚೂರುಗಳೂ ಮುಂದಕ್ಕೇ ಹಾರುತ್ತವೆ. ಗಾಡಿಗಿಂತ ಇಪ್ಪತ್ತು ಮೂವತ್ತು ಹೆಜ್ಜೆ ಹಿಂದಕ್ಕೆ, ರಸ್ತೆಯಿಂದ ಆದಷ್ಟು ದೂರಕ್ಕೆ ಹೋಗಿ ನಿಲ್ಲಿ. ಅತ್ತೆಯನ್ನೂ ಮಗುವನ್ನೂ ಹೊಲದ ಬದುವಿನ ಮೇಲೆ ಕೂರಿಸಿ ಮಾವನನ್ನು ಜೊತೆಗೆ ಬಿಟ್ಟೆ. ಅದೊಂದು ಕೆಲಸ ಸರಿ ಮಾಡಿದ್ದೆ.

ಇಳಿಯಲು ಜಾಗವೇ ಇಲ್ಲ ಅನ್ನುವ ಸಂದರ್ಭವೂ ಬರುತ್ತದೆ. ಉದ್ದ ಸೇತುವೆಯ ಮೇಲೆ, ಅಥವಾ ಬೈಪಾಸಿನಲ್ಲಿ ಅಗಲೀಕರಣದ ಕೆಲಸ ನಡೆದು ಎರಡೂ ಬದಿ ಸಿಮೆಂಟ್ ತಡೆಗೋಡೆ ಇಟ್ಟಿರುವ ಕಡೆ ಗಾಡಿ ನಿಂತರೆ, ಓಡುವ ಗಾಡಿಗಳ ನಡುವೆ ಕಾಲಿಡುವುದಕ್ಕಿಂತ ಸೀಟ್ ಬೆಲ್ಟ್ ಹಾಕಿಕೊಂಡು ಒಳಗೇ ಕೂತು, ಹಜಾರ್ಡ್ ಹಾಕಿ, ತಕ್ಷಣ 112ಕ್ಕೆ ಫೋನ್ ಮಾಡುವುದು ಲೇಸು. ಅಂಥ ಜಾಗದಲ್ಲಿ ತ್ರಿಕೋನ ಇಡಲು ಹೋಗಬೇಡಿ.

4. ತ್ರಿಕೋನ: ಹತ್ತು ಹೆಜ್ಜೆ ಅಲ್ಲ, ನೂರ ಮೂವತ್ತು ಹೆಜ್ಜೆ

ನನ್ನ ತಪ್ಪು ಆಗಿದ್ದು ಇಲ್ಲಿ. ಡಿಕ್ಕಿ ತೆಗೆದು, ಜೋಳದ ಚೀಲ ಸರಿಸಿ, ಕೆಳಗಿದ್ದ ಡಬ್ಬಿ ಹುಡುಕಿ, ತ್ರಿಕೋನ ಬಿಡಿಸಿ, ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಇಟ್ಟೆ. ಎಲ್ಲರೂ ಅಲ್ಲೇ ಇಡುವುದನ್ನು ನೋಡಿದ್ದೆ. ಐದು ನಿಮಿಷದಲ್ಲಿ ಒಂದು ಲಾರಿ ಉದ್ದಕ್ಕೂ ಹಾರ್ನ್ ಹೊಡೆಯುತ್ತಾ ಬಂದು, ಕೊನೆ ಗಳಿಗೆಯಲ್ಲಿ ಬಲಕ್ಕೆ ಎಳೆದುಕೊಂಡು, ದೂರ ಹೋಗಿ ಎಡಕ್ಕೆ ನಿಂತಿತು. ಡ್ರೈವರ್ ಇಳಿದು ತಡೆಪಟ್ಟಿಯ ಆಚೆಯಿಂದ ನಡೆದು ಬಂದರು, ವಯಸ್ಸಾದವರು.

"ತಮ್ಮಾ, ನಿನ್ನ ತ್ರಿಕೋನ ನನಗ ಕಂಡಾಗ ನಾ ನಿನ್ನ ಗಾಡಿ ಬಾಜೂಕ ಇದ್ದೆ. ಅದನ್ನ ಅಲ್ಲಿಟ್ರೇನು, ಇಡದಿದ್ರೇನು?"

"ಕಾಕಾ, ಹಜಾರ್ಡ್ ಹಾಕೇನ್ರೀ, ಕಾಣಲಿಲ್ಲೇನ್ರೀ?" ಅಂದೆ.

"ಕಂಡೈತಿ. ಭಾರ ಹೇರಿದ ಗಾಡಿ ಏರಿನ್ಯಾಗ ಹಜಾರ್ಡ್ ಹಾಕ್ಕೊಂಡ ಮೆಲ್ಲಕ ಹೊಕ್ಕಾವು. ನೀನೂ ಮುಂದ ಹೊಂಟೀ ಅಂತ ತಿಳಿದೆ. ನಿಂತೀ ಅಂತ ಹ್ಯಾಂಗ ಗೊತ್ತಾಗಬೇಕು?"

ಈ ಮಾತನ್ನು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಮಿನುಗುವ ದೀಪ ನಿಧಾನ ಹೋಗುವ ಗಾಡಿಗೂ ಇರುತ್ತದೆ, ನಿಂತ ಗಾಡಿಗೂ ಇರುತ್ತದೆ. ರಸ್ತೆ ಮೇಲಿನ ತ್ರಿಕೋನ ಮಾತ್ರ ಮುಂದೆ ಒಂದು ಗಾಡಿ ನಿಂತಿದೆ ಅಂತ ಖಚಿತವಾಗಿ ಹೇಳುತ್ತದೆ. ಆ ಮಾತು ಸರಿಯಾದ ಹೊತ್ತಿಗೆ ಕಿವಿಗೆ ಬೀಳಬೇಕು, ಅಷ್ಟೇ.

ಲೆಕ್ಕ ಹಾಕಿ ನೋಡಿ. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಡ್ರೈವರ್ ಏನನ್ನೋ ನೋಡಿ, ಅದೇನೆಂದು ತಿಳಿದು, ಕಾಲನ್ನು ಬ್ರೇಕ್ ಮೇಲೆ ಇಡುವಷ್ಟರಲ್ಲಿ ಒಂದೂವರೆಯಿಂದ ಎರಡು ಸೆಕೆಂಡ್, ಅಂದರೆ 33ರಿಂದ 44 ಮೀಟರ್. ಆಮೇಲೆ ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನ ಕಾರು ಪೂರ್ತಿ ನಿಲ್ಲಲು ಇನ್ನೊಂದು 40 ಮೀಟರ್ ಬೇಕು. ಒಟ್ಟು 80 ಮೀಟರ್ ಹತ್ತಿರ. ಭಾರ ತುಂಬಿದ ಲಾರಿಗೆ ಇನ್ನೂ ಜಾಸ್ತಿ, ಮಳೆಯಲ್ಲಿ ಮತ್ತೂ ಜಾಸ್ತಿ. ನಾನು ಹತ್ತು ಹೆಜ್ಜೆ ದೂರದಲ್ಲಿ ಇಟ್ಟ ತ್ರಿಕೋನ ಏಳೆಂಟು ಮೀಟರ್, ಅಂದರೆ ಲಾರಿಗೆ ಸೆಕೆಂಡಿನ ಮೂರನೇ ಒಂದು ಭಾಗ ಮಾತ್ರ.

ಡಿಮ್ ಹೆಡ್‌ಲೈಟ್ ರಸ್ತೆಯನ್ನು ಚೆನ್ನಾಗಿ ತೋರಿಸುವುದು ಹೆಚ್ಚೆಂದರೆ 40-50 ಮೀಟರ್. ಅದರಾಚೆ ದೀಪವಿಲ್ಲದ ಗಾಡಿ ಕಾಣುವುದೇ ಇಲ್ಲ. ತ್ರಿಕೋನದ ಹೊರಗಿನ ಕೆಂಪು ಪಟ್ಟಿ ಮಾತ್ರ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವ ಹಾಗೆ ಮಾಡಿರುತ್ತದೆ. ಅದಕ್ಕೇ ಹೆಡ್‌ಲೈಟಿನ ಮಂದ ಬೆಳಕು ತಾಕಿದರೂ ಬಹಳ ದೂರದಿಂದ ಹೊಳೆಯುತ್ತದೆ. ಒಳಗಿನ ಕಿತ್ತಳೆ ಕೆಂಪು ಹಗಲಿಗೆ. ಧೂಳು ಕೂತರೆ ಹೊಳಪು ಹೋಗುತ್ತದೆ, ಇಡುವ ಮೊದಲು ಅಂಗಿಯ ಅಂಚಿನಿಂದಾದರೂ ಒಮ್ಮೆ ಒರೆಸಿ.

ನಾಲ್ಕು ಪಥದ ಹೈವೇಯಲ್ಲಿ 100 ಮೀಟರ್ ಹಿಂದೆ ಇಡಿ. ಸಾಧಾರಣ ಹೆಜ್ಜೆ ಮುಕ್ಕಾಲು ಮೀಟರ್ ಅಂತ ಹಿಡಿದರೆ ಸುಮಾರು 130 ಹೆಜ್ಜೆ ಆಯಿತು. ನಡೆಯಲು ಒಂದೂವರೆ ನಿಮಿಷ ಸಾಕು. ಆದರೆ ಹೇಗೆ ನಡೆಯುತ್ತೀರಿ ಅನ್ನುವುದು ದೂರದಷ್ಟೇ ಮುಖ್ಯ. ತ್ರಿಕೋನವನ್ನು ತಡೆಪಟ್ಟಿಯ ಆಚೆ ಹೋಗಿ ಬಿಡಿಸಿ, ಕೆಂಪು ಮುಖ ಎದುರಿನಿಂದ ಬರುವ ಗಾಡಿಗಳ ಕಡೆಗಿರುವಂತೆ ಎದೆಯ ಮುಂದೆ ಹಿಡಿದುಕೊಂಡು, ತಡೆಪಟ್ಟಿಯ ಆಚೆಯಿಂದಲೇ ನಡೆಯಿರಿ. ಹಾಗೆ ಹಿಡಿದರೆ ನೀವೂ ಕಾಣುತ್ತೀರಿ. ಜಾಗ ಬಂದಾಗ ಹಿಂದೆ ಯಾವ ಗಾಡಿಯೂ ಇಲ್ಲ ಅಂತ ನೋಡಿಕೊಂಡು, ಎಡ ಪಟ್ಟಿಯಲ್ಲಿ, ಬಿಳಿ ಗೆರೆಗೆ ಹತ್ತಿರವಾಗಿ, ನೇರವಾಗಿ ಇಟ್ಟು ಬೇಗ ಆಚೆಗೆ ಸರಿಯಿರಿ. ಓಡುವ ಪಥದ ನಡುವೆ ಇಡುವುದು ಬೇಡ. ವಾಪಸ್ ಬರುವಾಗ ನಿಮ್ಮ ಬೆನ್ನು ಗಾಡಿಗಳ ಕಡೆಗಿರುತ್ತದೆ, ಆಗಂತೂ ರಸ್ತೆಯ ಅಂಚಿನಲ್ಲಿ ಕಾಲಿಡಲೇಬೇಡಿ.

ತಿರುವು ಅಥವಾ ಏರು ಇದ್ದರೆ ಮೀಟರ್ ಲೆಕ್ಕ ಬಿಡಿ. ತಿರುವಿಗೆ ಮೊದಲು, ಏರಿನ ಆಚೆ ಬದಿಯಲ್ಲಿ ಇಡಬೇಕು, ಅದಕ್ಕೆ 150 ಮೀಟರ್ ಆದರೂ ಸರಿ. ಬರುವವನು ಮೊದಲು ತ್ರಿಕೋನ ನೋಡಿ, ಆಮೇಲೆ ತಿರುವು ತೆಗೆದುಕೊಂಡು, ಆಮೇಲೆ ನಿಮ್ಮ ಗಾಡಿ ನೋಡಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಂಥ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಒಂದೊಂದು ಬೇಕು. ಒಂದೇ ಇದ್ದರೆ ಅದು ಹಿಂದಕ್ಕೇ ಹೋಗಲಿ, ನಿಮ್ಮ ಪಥದಲ್ಲಿ ಬರುವವನಿಗೇ ಅದರ ಅಗತ್ಯ ಜಾಸ್ತಿ. ಅಂಥ ರಸ್ತೆಯಲ್ಲಿ ಗಾಡಿಗಳ ವೇಗ ಕಡಿಮೆ ಅನ್ನಿಸಿದರೂ 50 ಮೀಟರ್‌ಗಿಂತ ಹತ್ತಿರ ಇಡಬೇಡಿ.

ಗಾಳಿಯ ಮಾತು. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಗಾಳಿ ಇಲ್ಲದ ದಿನವೂ ದೊಡ್ಡ ಲಾರಿ ಪಕ್ಕದಲ್ಲಿ ಹಾಯ್ದಾಗ ಬೀಸುವ ಗಾಳಿಗೆ ಹಗುರ ತ್ರಿಕೋನ ಮಗುಚಿ ಬೀಳುತ್ತದೆ. ಮಗುಚಿದ ತ್ರಿಕೋನ ಇದ್ದರೂ ಇಲ್ಲದ ಹಾಗೆ. ಕಾಲುಗಳನ್ನು ಪೂರ್ತಿ ಅಗಲಿಸಿ, ಅವುಗಳ ಮೇಲೆ ನೀರು ತುಂಬಿದ ಬಾಟಲಿ ಇಡಿ. ದೂರದಿಂದ ಆಗಾಗ ನೋಡುತ್ತಿರಿ. ಗಾಡಿಗಳ ದೀಪ ಬಿದ್ದಾಗಲೂ ಹೊಳೆಯುತ್ತಿಲ್ಲ ಅಂದರೆ ಬಿದ್ದಿದೆ ಅಂತ ಅರ್ಥ. ಇನ್ನೊಂದು ಗುರುತೂ ಇದೆ. ಬರುವ ಗಾಡಿಗಳು ನಿಮ್ಮ ಗಾಡಿಗಿಂತ ಬಹಳ ಮೊದಲೇ ಬಲ ಪಥಕ್ಕೆ ಸರಿಯುತ್ತಿದ್ದರೆ ಇಟ್ಟ ಜಾಗ ಸರಿಯಿದೆ. ಹತ್ತಿರ ಬಂದು ಬ್ರೇಕ್ ಕಿರುಗುಟ್ಟಿಸುತ್ತಿದ್ದರೆ ಇನ್ನೂ ಹಿಂದಕ್ಕೆ ಒಯ್ಯಬೇಕು.

ಕಲ್ಲು, ಟೊಂಗೆ ಇಡುವ ರೂಢಿ

ತ್ರಿಕೋನ ಇಲ್ಲದವರು ಸಾಲಾಗಿ ಕಲ್ಲು ಇಡುತ್ತಾರೆ, ಜಾಲಿ ಟೊಂಗೆ ಮುರಿದು ಹಾಕುತ್ತಾರೆ. ಹಗಲಿನಲ್ಲಿ ಹಸಿರು ಟೊಂಗೆ ಸ್ವಲ್ಪವಾದರೂ ಕಾಣುತ್ತದೆ. ರಾತ್ರಿ ಎರಡೂ ಹೊಳೆಯುವುದಿಲ್ಲ, ಹೆಡ್‌ಲೈಟಿನ ಆ 40-50 ಮೀಟರ್ ಒಳಗೆ ಬಂದಾಗಲೇ ಗೊತ್ತಾಗುವುದು. ಅದಕ್ಕಿಂತ ಕೆಟ್ಟದ್ದು, ಗಾಡಿ ರಿಪೇರಿಯಾಗಿ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುವುದು. ಮಾರನೇ ದಿನ ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬರುವವನಿಗೆ ಆ ಕಲ್ಲೇ ಸಾಕು. ದಯವಿಟ್ಟು ಕಲ್ಲು ಇಡಬೇಡಿ. ಬೇರೆಯವರು ಬಿಟ್ಟು ಹೋದ ಕಲ್ಲು ಕಂಡರೆ, ಸುರಕ್ಷಿತವಾಗಿ ಆಗುವುದಾದರೆ, ಸರಿಸಿ ಹೋಗಿ.

ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗೆ ಒಂದು ಮಾತು. ಟ್ರೇಲರ್ ಹಿಂದೆ ದೀಪ ಇರುವುದಿಲ್ಲ, ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಅಚ್ಚು ಮುರಿದು ನಿಂತರೆ ಅದು ಕತ್ತಲಲ್ಲಿ ನಿಂತ ಗೋಡೆಯೇ. ನಿಮಗೆ ಎರಡು ತ್ರಿಕೋನ ಬೇಕು, ಒಂದು 50 ಮೀಟರ್‌ಗೆ, ಇನ್ನೊಂದು 100 ಮೀಟರ್‌ಗೆ.

5. ಫೋನ್: ಎಲ್ಲಿದ್ದೀರಿ ಅಂತ ಸರಿಯಾಗಿ ಹೇಳುವುದು

ರಾಷ್ಟ್ರೀಯ ಹೆದ್ದಾರಿಯಾದರೆ 1033. ಇದು ಹೆದ್ದಾರಿಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಯಾರಿಗಾದರೂ ಪೆಟ್ಟಾಗಿದ್ದರೆ ಅಥವಾ ಗಾಡಿ ಓಡುವ ಪಥದಲ್ಲೇ ನಿಂತಿದ್ದರೆ ಮೊದಲು 112, ಆಮೇಲೆ 1033.

"ಹಾವೇರಿ ದಾಟಿ ಸ್ವಲ್ಪ ಮುಂದೆ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ವಿಷಯ ಹೇಳಿ: ರಸ್ತೆಯ ನಂಬರ್, ಯಾವ ಊರಿಂದ ಯಾವ ಊರ ಕಡೆ ಹೊರಟಿದ್ದಿರಿ, ಕಿಲೋಮೀಟರ್ ಕಲ್ಲಿನ ನಂಬರ್, ಗಾಡಿ ಯಾವುದು ಮತ್ತು ರಸ್ತೆಗೆ ಅಡ್ಡ ಇದೆಯೋ ಇಲ್ಲವೋ. ದಿಕ್ಕು ಹೇಳುವುದನ್ನು ಬಹಳ ಜನ ಮರೆಯುತ್ತಾರೆ. ಡಿವೈಡರ್ ಇರುವ ರಸ್ತೆಯಲ್ಲಿ ದಿಕ್ಕು ತಪ್ಪಿದರೆ ಕ್ರೇನ್ ಆಚೆ ಬದಿಯಲ್ಲಿ ಬಂದು, ಮುಂದೆಲ್ಲೋ ತಿರುಗಿಸಿಕೊಂಡು ಬರಬೇಕು. ತ್ರಿಕೋನ ಇಡಲು ನಡೆಯುವಾಗಲೇ ಕಲ್ಲು ಹುಡುಕಿ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆ ಹಳದಿ, ರಾಜ್ಯ ಹೆದ್ದಾರಿಯದು ಹಸಿರು. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರ್‌ಗೊಂದು ಚಿಕ್ಕ ಕಲ್ಲು ಇದ್ದರೆ ಅದರ ಮೇಲಿನ ಅಂಕಿಯನ್ನೂ ಹೇಳಿ. ನಾನು ಹೇಳಿದ್ದು ಹೀಗೆ: "48ನೇ ಹೆದ್ದಾರಿ, ಹಾವೇರಿಯಿಂದ ಹುಬ್ಬಳ್ಳಿ ಕಡೆ, ಬಂಕಾಪುರ ಟೋಲ್‌ಗಿಂತ ಮೊದಲು, ಕಲ್ಲಿನ ನಂಬರ್ ಇಷ್ಟು, ಕಾರು, ಎಡ ಪಟ್ಟಿಯಲ್ಲಿದೆ." ಮತ್ತೆ ಯಾವ ಪ್ರಶ್ನೆಯೂ ಬರಲಿಲ್ಲ.

ಕಾಯುವಾಗ ಎರಡು ಕೆಲಸ ಬೇಡ. ಒಂದು, ರಾತ್ರಿ ಹಿಂದಿನಿಂದ ನಿಂತು ಗಾಡಿ ನೂಕುವುದು. ನೂಕುವವರ ಮೈಯೇ ಹಿಂದಿನ ದೀಪಗಳನ್ನು ಮುಚ್ಚುತ್ತದೆ. ಎರಡು, ಬಲಬದಿಯ ಟೈರ್ ಬದಲಿಸುವುದು. ನಟ್ ಬಿಚ್ಚಲು ಕೂತವನ ಬೆನ್ನು ಓಡುವ ಪಥಕ್ಕೆ ಒಂದು ಮೊಳ ದೂರದಲ್ಲಿರುತ್ತದೆ. ಎಡಬದಿಯ ಟೈರ್ ಆದರೆ, ಜಾಗ ಅಗಲವಿದ್ದರೆ, ತ್ರಿಕೋನ ಇಟ್ಟ ಮೇಲೆ ಮಾಡಬಹುದು. ಬಲಬದಿಯದಾದರೆ ಕ್ರೇನ್ ಬರಲಿ, ಅಥವಾ ಮೊದಲು ಹೇಳಿದ ಹಾಗೆ ತೆವಳಿಕೊಂಡು ಒಳ್ಳೆಯ ಜಾಗಕ್ಕೆ ಹೋಗಿ.

6. ಹೊರಡುವಾಗ

ತ್ರಿಕೋನ ಎಲ್ಲಕ್ಕಿಂತ ಕೊನೆಗೆ ಬರಬೇಕು. ಕ್ರೇನ್ ಬಂದಿತು ಅಂತ ಮೊದಲೇ ಎತ್ತಿಕೊಂಡು ಬಂದರೆ, ಕೊಕ್ಕೆ ಹಾಕುವ ಆ ಹತ್ತು ಹದಿನೈದು ನಿಮಿಷ ಇನ್ನೂ ಕೆಲವು ಜನ ರಸ್ತೆಯಲ್ಲಿ ನಿಂತಿರುತ್ತಾರೆ. ಗಾಡಿ ಕಟ್ಟಿ, ಹೊರಡಲು ತಯಾರಾದ ಮೇಲೆ, ತಡೆಪಟ್ಟಿಯ ಆಚೆಯಿಂದ ಹೋಗಿ ತನ್ನಿ.

ನಮಗೆ ಮುಕ್ಕಾಲು ಗಂಟೆಯಲ್ಲಿ ಕ್ರೇನ್ ಬಂದಿತು. ಅಷ್ಟು ಹೊತ್ತು ಆ ಕಾಕಾ ಹೋಗದೆ ಮಾವನ ಜೊತೆ ಬದುವಿನ ಮೇಲೆ ಕೂತಿದ್ದರು. ನನ್ನ ತ್ರಿಕೋನವನ್ನು 130 ಹೆಜ್ಜೆ ಹಿಂದಕ್ಕೆ ಒಯ್ಯಿಸಿದ ಮೇಲೆ ಹಾರ್ನ್ ಕೇಳಲಿಲ್ಲ. ಗಾಡಿಗಳು ದೂರದಲ್ಲೇ ಇಂಡಿಕೇಟರ್ ಹಾಕಿ ಬಲಕ್ಕೆ ಸರಿಯುವುದು ಕಾಣುತ್ತಿತ್ತು. ಈಗ ಅದು ಡಿಕ್ಕಿಯ ತಳದಲ್ಲಿಲ್ಲ, ಮುಂದಿನ ಎಡ ಸೀಟಿನ ಕೆಳಗಿದೆ. ಜೊತೆಗೆ ಒಂದು ಟಾರ್ಚ್, ಹೊಳೆಯುವ ಪಟ್ಟಿಯ ಒಂದು ಜಾಕೆಟ್, ನೀರು ತುಂಬಿದ ಎರಡು ಬಾಟಲಿ. ನಿಮ್ಮ ತ್ರಿಕೋನವನ್ನೂ ನಾಳೆ ಹಗಲಿನಲ್ಲಿ ಒಮ್ಮೆ ಹೊರಗೆ ತೆಗೆದು, ಬಿಡಿಸಿ, ಮಡಚಿ ನೋಡಿ. ಕಾಲಿನ ಕ್ಲಿಪ್ ಎಲ್ಲಿ ಸಿಗಿಸಬೇಕು ಅನ್ನುವುದು ಕತ್ತಲಲ್ಲಿ ಬೇಗ ಹೊಳೆಯುವುದಿಲ್ಲ.